ಹತ್ತುವಾಗ ಸರಿ, ಇಳಿಯುವಾಗ ಕಾಲು ನಡುಗುತ್ತೆ: ಎಂಟು ವಾರದ ಟ್ರೆಕ್ ತಯಾರಿ

ಪ್ರಶ್ನೆ: ನನಗೆ 39 ವರ್ಷ, ತೂಕ 64 ಕೆಜಿ. ಕೂತು ಮಾಡುವ ಕೆಲಸ. ದಿನಾ ಬೆಳಿಗ್ಗೆ 45 ನಿಮಿಷ ವಾಕಿಂಗ್ ಮಾಡ್ತೀನಿ. ಹೋದ ಸಲ ಒಂದು ದಿನದ ಟ್ರೆಕ್‌ನಲ್ಲಿ ಹತ್ತೋದು ಹೇಗೋ ಆಯ್ತು, ಇಳಿಯುವಾಗ ತೊಡೆ ಗಡಗಡ ನಡುಗಿ ಎರಡು ಸಲ ಕೂತುಬಿಟ್ಟೆ. ಆಮೇಲೆ ಮೂರು ದಿನ ಮೆಟ್ಟಿಲು ಇಳಿಯೋಕೇ ಆಗಲಿಲ್ಲ. ಈಗ ಎಂಟನೇ ವಾರದ ಕೊನೆಗೆ ಎರಡು ದಿನದ ಟ್ರೆಕ್ ಇದೆ. ಶನಿವಾರ 9 ಕಿ.ಮೀ., 900 ಮೀಟರ್ ಏರು. ಭಾನುವಾರ ಅದೇ ದಾರಿಯಲ್ಲಿ ವಾಪಸ್. ಬ್ಯಾಗು 8 ಕೆಜಿ ಆಗಬಹುದು. ಜಿಮ್‌ಗೆ ಹೋಗಲ್ಲ, ಹತ್ತಿರ ಬೆಟ್ಟವೂ ಇಲ್ಲ. ಮನೆ ನಾಲ್ಕನೇ ಮಹಡಿಯಲ್ಲಿದೆ. ವಾಕಿಂಗ್ ಜಾಸ್ತಿ ಮಾಡಿದ್ರೆ ಸಾಕಾ? ನೀ ಕ್ಯಾಪ್ ತಗೊಳ್ಳಲಾ?

ಉತ್ತರ: ವಾಕಿಂಗ್ ಜಾಸ್ತಿ ಮಾಡಿದರೆ ಸಾಲದು. ನೀವು ಸೋತದ್ದು ಉಸಿರಿನಲ್ಲಲ್ಲ, ದೂರದಲ್ಲೂ ಅಲ್ಲ. ಇಳಿಯುವಾಗ ತೊಡೆಯ ಮುಂಭಾಗ ಕೈಕೊಟ್ಟಿದೆ. ಸಮತಟ್ಟಾದ ರಸ್ತೆಯಲ್ಲಿ ದಿನಾ ಎರಡು ಗಂಟೆ ನಡೆದರೂ ಆ ಜಾಗಕ್ಕೆ ಬೇಕಾದ ಅಭ್ಯಾಸ ಸಿಗುವುದಿಲ್ಲ. ನಿಮಗೆ ಬೇಕಿರುವ ಬೆಟ್ಟ ನಿಮ್ಮ ಕಟ್ಟಡದ ಮೆಟ್ಟಿಲೇ.

ಮೊದಲು ಅಲ್ಲಿ ಆದದ್ದೇನು ಅಂತ ನೋಡೋಣ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ನಿಮ್ಮನ್ನು ಮೇಲಕ್ಕೆ ತಳ್ಳುತ್ತದೆ. ಇಳಿಯುವಾಗ ಅದೇ ಸ್ನಾಯು ಬ್ರೇಕ್ ಆಗುತ್ತದೆ. ಮಂಡಿ ಮಡಚುತ್ತಾ ಹೋಗುತ್ತದೆ, ಸ್ನಾಯು ಹಿಗ್ಗುತ್ತಾ ಹೋಗುತ್ತದೆ, ಹಿಗ್ಗುತ್ತಲೇ ಮೈಭಾರವನ್ನೂ ತಡೆಯುತ್ತದೆ. ಈ ತರಹದ ಕೆಲಸಕ್ಕೆ ಉಸಿರು ಹೆಚ್ಚು ಬೇಕಾಗುವುದಿಲ್ಲ, ಅದಕ್ಕೇ ಇಳಿಯುವಾಗ ನಮಗೆ ಆರಾಮ ಅನಿಸುತ್ತದೆ. ಆದರೆ ಅಭ್ಯಾಸ ಇಲ್ಲದ ಸ್ನಾಯುವಿನ ಎಳೆಗಳಿಗೆ ಇದರಿಂದ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಬಲ ಅಲ್ಲೇ ಇಳಿಯುತ್ತದೆ, ನಡುಕ ಬರುತ್ತದೆ. ನೋವು ಮಾತ್ರ ತಡವಾಗಿ, ಒಂದರಿಂದ ಮೂರು ದಿನದ ನಡುವೆ ಜೋರಾಗುತ್ತದೆ. ನಿಮ್ಮ ಆ ಮೂರು ದಿನ ಸರಿಯಾಗಿ ಇದೇ.

ಇದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಒಮ್ಮೆ ಹೀಗೆ ಪೆಟ್ಟು ತಿಂದು ಸುಧಾರಿಸಿಕೊಂಡ ಸ್ನಾಯು, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಹಾಗಾಗಿ ಬೆಟ್ಟಕ್ಕೆ ಹೋಗುವ ಮೊದಲೇ ಸ್ವಲ್ಪ ಸ್ವಲ್ಪವಾಗಿ ಇಳಿಯುವ ಅಭ್ಯಾಸ ಮಾಡಿಸಿಬಿಡಬೇಕು. ಈ ಎಂಟು ವಾರದ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ.

ನಾನೂ ಒಮ್ಮೆ ಇದೇ ತಪ್ಪು ಮಾಡಿದ್ದೆ. ಎರಡು ತಿಂಗಳು ಟ್ರೆಡ್‌ಮಿಲ್ ಅನ್ನು ಏರು ಮಾಡಿಕೊಂಡು ನಡೆದೆ. ಅದು ಬರೀ ಏರು, ಇಳಿಜಾರೇ ಇಲ್ಲ ಅಂತ ಹೊಳೆಯಲೇ ಇಲ್ಲ. ಬೆಟ್ಟದ ತುದಿಗೆ ಎಲ್ಲರಿಗಿಂತ ಮೊದಲು ಹೋದೆ, ಕೆಳಗೆ ಎಲ್ಲರಿಗಿಂತ ಕೊನೆಗೆ ಬಂದೆ.

ಲೆಕ್ಕ ಹಾಕಿಕೊಳ್ಳೋಣ

ಒಂದು ಟೇಪ್ ತಗೊಂಡು ನಿಮ್ಮ ಮೆಟ್ಟಿಲಿನ ಎತ್ತರ ಅಳೆಯಿರಿ. ಸಾಮಾನ್ಯವಾಗಿ 15ರಿಂದ 18 ಸೆಂ.ಮೀ. ಇರುತ್ತದೆ. 17 ಸೆಂ.ಮೀ. ಅಂದುಕೊಳ್ಳೋಣ. ನೆಲದಿಂದ ತಾರಸಿಯವರೆಗೆ 88 ಮೆಟ್ಟಿಲು ಇದ್ದರೆ ಒಂದು ಸುತ್ತಿಗೆ ಸುಮಾರು 15 ಮೀಟರ್ ಏರು, 15 ಮೀಟರ್ ಇಳಿತ. 900 ಮೀಟರ್ ಅಂದರೆ 60 ಸುತ್ತು. ಗಾಬರಿ ಬೇಡ, 60 ಸುತ್ತು ನೀವು ಯಾವತ್ತೂ ಮಾಡಬೇಕಿಲ್ಲ. ತಯಾರಿಯ ದೊಡ್ಡ ದಿನ ಒಂದೇ ಸಲಕ್ಕೆ 20 ಸುತ್ತು, ಅಂದರೆ 300 ಮೀಟರ್ ಇಳಿದರೆ ಸಾಕು. ಆದರೆ ಅದು ದಣಿದ ಕಾಲಿನಲ್ಲಿ, ಬ್ಯಾಗು ಹೊತ್ತುಕೊಂಡು ಆಗಬೇಕು. ನಿಮ್ಮದು 88ರ ಬದಲು 70 ಮೆಟ್ಟಿಲಾದರೆ ಸುತ್ತನ್ನು ಅದಕ್ಕೆ ತಕ್ಕ ಹಾಗೆ ಹೆಚ್ಚಿಸಿಕೊಳ್ಳಿ. ಮುಖ್ಯ ಮೀಟರ್, ಸುತ್ತಲ್ಲ.

ಹೊತ್ತಿನ ಲೆಕ್ಕಕ್ಕೆ ಒಂದು ಹಳೆಯ ಸೂತ್ರ ಇದೆ. 1892ರಲ್ಲಿ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ ಕೊಟ್ಟದ್ದು. ಈಗಿನ ಅಳತೆಯಲ್ಲಿ ಹೇಳಿದರೆ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ಶನಿವಾರಕ್ಕೆ ಇದು 3 ಗಂಟೆ 18 ನಿಮಿಷ ಅನ್ನುತ್ತದೆ. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದಾಗಿನ ಮಾತು. ಬ್ಯಾಗು, ಗುಂಪು, ವಿಶ್ರಾಂತಿ ಎಲ್ಲ ಸೇರಿದರೆ 5 ಗಂಟೆ ಅಂತಲೇ ಇಟ್ಟುಕೊಳ್ಳಿ. ಇಳಿಯುವುದಕ್ಕೆ ಕಡಿಮೆ ಹೊತ್ತು ಹಿಡಿಯುತ್ತದೆ ಅಂತ ನಂಬಬೇಡಿ. ಕಲ್ಲಿನ ದಾರಿಯಾದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.

ವಾರದ ಹಂಚಿಕೆ

ಗಟ್ಟಿ ಕೆಲಸ ವಾರದಲ್ಲಿ ಮೂರೇ ದಿನ. ಮಂಗಳವಾರ ಕಾಲಿನ ಬಲಕ್ಕೆ, ಗುರುವಾರ ಬ್ಯಾಗು ಹೊತ್ತು ಮೆಟ್ಟಿಲಿಗೆ, ಭಾನುವಾರ ಉದ್ದದ ನಡಿಗೆಗೆ. ಸೋಮವಾರ ಪೂರ್ತಿ ರಜೆ. ಉಳಿದ ಮೂರು ದಿನ ನಿಮ್ಮ ಮಾಮೂಲಿ ಬೆಳಗಿನ ವಾಕಿಂಗ್ ಇರಲಿ, ಆದರೆ ಅರ್ಧ ಗಂಟೆಗೆ ಇಳಿಸಿ, ಸುಮ್ನೆ ಆರಾಮಾಗಿ ನಡೆಯಿರಿ. ಇಳಿಯುವ ಕೆಲಸ ಮಾಡಿದ ತೊಡೆಗೆ ಸುಧಾರಿಸಿಕೊಳ್ಳಲು ಸುಮಾರು 48 ಗಂಟೆ ಬೇಕು. ಮಂಗಳವಾರ, ಗುರುವಾರ, ಭಾನುವಾರ ಅಂತ ಬಿಡಿಸಿ ಇಟ್ಟಿರುವುದು ಅದಕ್ಕೇ. ಕೆಲಸದ ಒತ್ತಡದಲ್ಲಿ ಒಂದು ದಿನ ತಪ್ಪಿದರೆ ಅದನ್ನು ಮರುದಿನಕ್ಕೆ ತುರುಕಬೇಡಿ, ಬಿಟ್ಟುಬಿಡಿ.

ಮಂಗಳವಾರ

ಇಲ್ಲಿ ಎರಡು ವ್ಯಾಯಾಮ ಮುಖ್ಯ, ಸ್ಟೆಪ್ ಅಪ್ ಮತ್ತು ಸ್ಟೆಪ್ ಡೌನ್. ಹೆಸರು ಒಂದೇ ತರಹ ಕೇಳಿಸಿದರೂ ಕೆಲಸ ಬೇರೆ ಬೇರೆ.

ಸ್ಟೆಪ್ ಅಪ್‌ಗೆ ನೆಲದಲ್ಲಿ ನಿಂತು ಒಂದು ಕಾಲನ್ನು ಎರಡನೇ ಮೆಟ್ಟಿಲ ಮೇಲಿಡಿ. ಎತ್ತರ 34 ಸೆಂ.ಮೀ. ಆಯಿತು. ಇಡೀ ಪಾದ ಮೆಟ್ಟಿಲ ಮೇಲಿರಲಿ, ಹಿಮ್ಮಡಿ ಹೊರಗೆ ನೇತಾಡಬಾರದು. ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿ ಮೇಲಿನ ಕಾಲಿನಿಂದಲೇ ಎದ್ದು ನಿಲ್ಲಿ. ಎಲ್ಲರೂ ಮೋಸ ಮಾಡುವುದು ಇಲ್ಲೇ. ಕೆಳಗಿನ ಪಾದದ ಬೆರಳಿನಿಂದ ಪುಟಿದು ಎದ್ದುಬಿಡುತ್ತಾರೆ. ಹತ್ತಿದ್ದು ಮೇಲಿನ ಕಾಲು ಅಂತ ಅಂದುಕೊಂಡಿರುತ್ತಾರೆ, ದುಡಿದದ್ದು ಕೆಳಗಿನ ಮೀನಖಂಡ. ಇದಕ್ಕೆ ಒಂದು ಸಣ್ಣ ಉಪಾಯ ಇದೆ. ಕೆಳಗಿನ ಪಾದದ ಬೆರಳುಗಳನ್ನು ಮೇಲಕ್ಕೆತ್ತಿ, ಹಿಮ್ಮಡಿಯ ಮೇಲೆ ಮಾತ್ರ ನಿಲ್ಲಿ. ಈಗ ಪುಟಿಯಲು ಆಗುವುದೇ ಇಲ್ಲ. ಹೀಗೆ ಮಾಡಿದಾಗ 8 ಸಲಕ್ಕೇ ಏದುಸಿರು ಬಂದರೆ ಆಶ್ಚರ್ಯಪಡಬೇಡಿ. ಕಂಬಿಯನ್ನು ಮುಟ್ಟಿಕೊಳ್ಳಬಹುದು, ಎಳೆಯಬಾರದು.

ಸ್ಟೆಪ್ ಡೌನ್ ನಿಮ್ಮ ಮದ್ದು. ಮೊದಲ ಮೆಟ್ಟಿಲ ಮೇಲೆ ಕೆಳಮುಖವಾಗಿ ನಿಲ್ಲಿ, ಎತ್ತರ 17 ಸೆಂ.ಮೀ. ಒಂದು ಕಾಲನ್ನು ಮುಂದಕ್ಕೆ ಚಾಚಿ, ನಿಂತ ಕಾಲಿನ ಮಂಡಿ ಮಡಚುತ್ತಾ ನಿಧಾನವಾಗಿ ನಾಲ್ಕು ಎಣಿಸುತ್ತಾ ಇಳಿಯಿರಿ. ಚಾಚಿದ ಹಿಮ್ಮಡಿ ನೆಲವನ್ನು ಮೊಟ್ಟೆ ಮುಟ್ಟಿದ ಹಾಗೆ ಮುಟ್ಟಬೇಕು, ಭಾರ ಬಿಡಬಾರದು. ಮುಟ್ಟಿದ ತಕ್ಷಣ ವಾಪಸ್ ಮೇಲೇಳಿ. ಇದು ಒಂದು ಸಲ.

ಸರಿಯಾಗಿ ಮಾಡುತ್ತಿದ್ದೀರಾ ಅಂತ ತಿಳಿಯಲು ಎರಡು ದಾರಿ. ಮೊದಲನೆಯದು ಕಿವಿ. ಹಿಮ್ಮಡಿ ದೊಪ್ ಅಂತ ಸದ್ದು ಮಾಡಿದರೆ ಕೊನೆಯ ನಾಲ್ಕೈದು ಸೆಂಟಿಮೀಟರ್‌ನಲ್ಲಿ ಬ್ರೇಕ್ ಬಿಟ್ಟುಹೋಗಿದೆ ಅಂತ ಅರ್ಥ. ಬೆಟ್ಟದಲ್ಲಿ ನೀವು ಕೂತುಬಿಟ್ಟದ್ದು ಇಂಥ ಸಾವಿರಾರು ದೊಪ್‌ಗಳ ನಂತರ. ಎರಡನೆಯದು ಮೊಬೈಲ್. ಎದುರಿಗೆ ಇಟ್ಟು ವಿಡಿಯೊ ಮಾಡಿ ನೋಡಿ. ನಿಂತ ಕಾಲಿನ ಮಂಡಿಚಿಪ್ಪು ಪಾದದ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಒಳಕ್ಕೆ ವಾಲುತ್ತಿದ್ದರೆ, ಅಥವಾ ಸೊಂಟದ ಒಂದು ಬದಿ ಜಾರುತ್ತಿದ್ದರೆ, ಎತ್ತರ ನಿಮಗೆ ಜಾಸ್ತಿಯಾಯಿತು. ನೆಲದ ಮೇಲೆ ಗಟ್ಟಿಯಾದ ಹಲಗೆ ಇಟ್ಟು ಎತ್ತರವನ್ನು 10–12 ಸೆಂ.ಮೀ.ಗೆ ಇಳಿಸಿಕೊಳ್ಳಿ. ಎತ್ತರ ಇಳಿಸಿದರೆ ನಾಚಿಕೆಯೇನಿಲ್ಲ. ಬಹಳ ಜನ ಶುರು ಮಾಡುವುದೇ ಅಲ್ಲಿಂದ.

ಮೊದಲ ವಾರ ಸ್ಟೆಪ್ ಅಪ್ ಪ್ರತಿ ಕಾಲಿಗೆ 8ರಂತೆ ಮೂರು ಸೆಟ್, ಸ್ಟೆಪ್ ಡೌನ್ 6ರಂತೆ ಮೂರು ಸೆಟ್. ಎರಡನೇ ವಾರ ಸ್ಟೆಪ್ ಡೌನ್ 8 ಆಗಲಿ, ಮೂರನೇ ವಾರ 10. ನಾಲ್ಕನೇ ವಾರ ಬೇಕೆಂದೇ ಹಗುರ, 8ರಂತೆ ಎರಡೇ ಸೆಟ್. ಐದನೇ ವಾರ ಬೆನ್ನಿಗೆ 4 ಕೆಜಿ ಬ್ಯಾಗು ಹಾಕಿಕೊಂಡು 8ರಂತೆ ಮೂರು, ಆರನೇ ವಾರ 6 ಕೆಜಿಯಲ್ಲಿ ಅಷ್ಟೇ. ಏಳನೇ ವಾರ ಅದೇ ತೂಕ, ಎರಡು ಸೆಟ್. ಸ್ಟೆಪ್ ಅಪ್ ಉದ್ದಕ್ಕೂ 8ರಲ್ಲೇ ಇರಲಿ, ಸೆಟ್ಟೂ ಬ್ಯಾಗೂ ಸ್ಟೆಪ್ ಡೌನ್‌ನಂತೆಯೇ ಬದಲಾಗಲಿ. ಪ್ರತಿ ಸೆಟ್ ಮುಗಿದಾಗ ಇನ್ನೂ ಎರಡು ಸಲ ಸರಿಯಾಗಿ ಮಾಡಬಲ್ಲೆ ಅನಿಸಬೇಕು. ಅದು ಅನಿಸದಿದ್ದರೆ ಮುಂದಿನ ವಾರಕ್ಕೆ ಏರಬೇಡಿ, ಇದೇ ವಾರವನ್ನು ಇನ್ನೊಮ್ಮೆ ಮಾಡಿ.

ಇದರ ಜೊತೆಗೆ ಮೂರು ಸಣ್ಣ ಕೆಲಸ. ಸ್ಪ್ಲಿಟ್ ಸ್ಕ್ವಾಟ್, ಅಂದರೆ ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ನೇರ ಕೆಳಗಿಳಿದು ಏಳುವುದು, 8ರಂತೆ ಎರಡು ಸೆಟ್. ಬ್ಯಾಗನ್ನು ಕೈಯಲ್ಲಿ ಹಿಡಿದು ಬೆನ್ನು ನೇರವಾಗಿಟ್ಟು ಸೊಂಟದಿಂದ ಬಾಗಿ ಏಳುವುದು, 10ರಂತೆ ಎರಡು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, 12ರಂತೆ ಎರಡು. ಇವುಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಟ್ಟು 40 ನಿಮಿಷದಲ್ಲಿ ಎಲ್ಲ ಮುಗಿಯಬೇಕು. ಹೊತ್ತು ಸಾಲದ ದಿನ ಈ ಮೂರನ್ನು ಬಿಡಿ, ಸ್ಟೆಪ್ ಡೌನ್ ಬಿಡಬೇಡಿ.

ಗುರುವಾರ: ಭಾರ ಹೊರುವುದು

ಭಾರಕ್ಕೆ ನೀರಿನ ಬಾಟಲಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಒಂದು ಲೀಟರ್ ಅಂದರೆ ಒಂದು ಕೆಜಿ, ತೂಗಬೇಕಾದದ್ದೇ ಇಲ್ಲ. ಮಧ್ಯೆ ಮಂಡಿ ದೂರು ಹೇಳಿದರೆ ಅಲ್ಲೇ ಗಿಡಕ್ಕೆ ಚೆಲ್ಲಿ ಹಗುರ ಮಾಡಿಕೊಳ್ಳಬಹುದು. ಕಲ್ಲು, ಪುಸ್ತಕಗಳಿಗೆ ಈ ಸೌಕರ್ಯ ಇಲ್ಲ, ಅಲ್ವಾ? ಬಾಟಲಿಗಳ ಸುತ್ತ ಬಟ್ಟೆ ತುರುಕಿ, ಭಾರ ಬೆನ್ನಿಗೆ ಅಂಟಿಕೊಂಡಿರುವಂತೆ, ಹೆಗಲ ಮೂಳೆಗಳ ನಡುವೆ ಕೂರುವಂತೆ ಜೋಡಿಸಿ. ತಳದಲ್ಲಿ ನೇತಾಡುವ ಭಾರ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಆಗ ಇಳಿಯುವಾಗ ಹಿಮ್ಮಡಿ ಊರಿ ಊರಿ ನಡೆಯುವಂತಾಗುತ್ತದೆ.

ಟ್ರೆಕ್‌ಗೆ ಒಯ್ಯುವ ಬ್ಯಾಗನ್ನೇ ಬಳಸಿ. ಮೊದಲು ಸೊಂಟದ ಪಟ್ಟಿ ಬಿಗಿಯಬೇಕು, ಆಮೇಲೆ ಹೆಗಲಿನದು. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಎರಡೂ ಬದಿ ಕೈಗೆ ಸಿಗುವ ಸೊಂಟದ ಮೂಳೆಯ ಮೇಲೆ ಕೂರಬೇಕು. ಸರಿಯಾಗಿ ಕೂತರೆ ಭಾರದ ಹೆಚ್ಚು ಪಾಲು ಸೊಂಟಕ್ಕೆ ಹೋಗಿ, ಹೆಗಲ ಪಟ್ಟಿಯಡಿ ಬೆರಳು ತೂರುವಷ್ಟು ಸಡಿಲ ಸಿಗುತ್ತದೆ. ನಿಮ್ಮ 64 ಕೆಜಿಗೆ 8 ಕೆಜಿ ಅಂದರೆ ಮೈತೂಕದ ಎಂಟನೇ ಒಂದು ಪಾಲು. ಹೊರಬಹುದಾದ ಭಾರವೇ, ಆದರೆ ಮೊದಲ ದಿನವೇ ಅಲ್ಲ.

ಮೊದಲ ಗುರುವಾರ ಖಾಲಿ ಬೆನ್ನಿನಲ್ಲಿ 8 ಸುತ್ತು, ಎರಡನೆಯದು ಖಾಲಿಯಾಗಿಯೇ 12. ಮೂರನೇ ವಾರ 4 ಕೆಜಿಯಲ್ಲಿ 12, ನಾಲ್ಕನೇ ವಾರ 4 ಕೆಜಿಯಲ್ಲಿ 8. ಐದನೇ ವಾರ 6 ಕೆಜಿ, 12 ಸುತ್ತು. ಆರು ಮತ್ತು ಏಳನೇ ವಾರ 8 ಕೆಜಿ, 12 ಸುತ್ತು. ಒಂದು ಸುತ್ತಿಗೆ ಎರಡರಿಂದ ಎರಡೂವರೆ ನಿಮಿಷ ಹಿಡಿಯಲಿ. ಲಿಫ್ಟ್‌ನಲ್ಲಿ ಇಳಿಯಬೇಡಿ, ಇಳಿಯುವುದೇ ನಮ್ಮ ಕೆಲಸ. ಇಳಿಯುವಾಗ ಸದ್ದಿಲ್ಲದೆ ಇಳಿಯಿರಿ, ಮುಂಗಾಲು ಮೊದಲು ಊರಲಿ, ಮಂಡಿ ಯಾವತ್ತೂ ಕೋಲಿನಂತೆ ನೆಟ್ಟಗಾಗಬಾರದು. ಕಂಬಿಯ ಪಕ್ಕದಲ್ಲೇ ಇರಿ. ದಣಿದ ಕಾಲು ಮೆಟ್ಟಿಲ ಅಂಚು ತಪ್ಪುವುದು ಮಾಮೂಲು.

ಮೆಟ್ಟಿಲು ಮುಗಿದ ಮೇಲೆ ಇನ್ನೊಂದು ಹೊರೆ, ಇದು ಒಂದೇ ಕೈಯದು. ನೀರು ತುಂಬಿದ ಬಕೆಟ್ ಒಂದು ಕೈಯಲ್ಲಿ ಹಿಡಿದು, ಸೂಟ್‌ಕೇಸ್ ಹಿಡಿದ ಹಾಗೆ, ನೆಟ್ಟಗೆ 40 ಹೆಜ್ಜೆ. ಕೈ ಬದಲಿಸಿ ವಾಪಸ್. ಹೀಗೆ ಮೂರು ಸಲ. 6 ಲೀಟರ್‌ನಿಂದ ಶುರು ಮಾಡಿ 10ಕ್ಕೆ ಹೋಗಿ. ಇದು ಕೈಗೆ ಬಲ ಬರಲಿ ಅಂತಲ್ಲ. ಬಲಗೈಯಲ್ಲಿ ಭಾರ ಇದ್ದು ನೀವು ಎಡಗಾಲಿನ ಮೇಲೆ ನಿಂತ ಕ್ಷಣ, ಸೊಂಟ ಬಲಕ್ಕೆ ಜಾರದಂತೆ ಹಿಡಿಯುವುದು ಎಡ ಸೊಂಟದ ಹೊರಬದಿಯ ಸ್ನಾಯು. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಯೂ ಒಂಟಿ ಕಾಲಿನ ನಿಲುವೇ. ಅಲ್ಲಿ ಸೊಂಟ ಜಾರಿದರೆ ಮಂಡಿ ಒಳಕ್ಕೆ ವಾಲುತ್ತದೆ. ಮಂಗಳವಾರದ ವಿಡಿಯೊದಲ್ಲಿ ಮಂಡಿ ವಾಲುತ್ತಿರುವುದು ಕಂಡವರಿಗೆ ಈ ಬಕೆಟ್ ನಡಿಗೆ ಇನ್ನೂ ಮುಖ್ಯ. ಬಕೆಟ್ ತೊಡೆಗೆ ತಾಗುತ್ತಿದ್ದರೆ, ಅಥವಾ ನೀರು ತುಳುಕುತ್ತಿದ್ದರೆ, ನೀವು ಓಲಾಡುತ್ತಿದ್ದೀರಿ ಅಂತ ಅರ್ಥ. ಕನ್ನಡಿ ಬೇಕಿಲ್ಲ, ನೀರೇ ಹೇಳುತ್ತದೆ.

ಭಾನುವಾರ: ಉದ್ದದ ನಡಿಗೆ

ಇಲ್ಲಿ ಒಂದೇ ನಿಯಮ. ಭಾನುವಾರದ ಬ್ಯಾಗು ಯಾವಾಗಲೂ ಗುರುವಾರದ ಹಿಂದೆ ನಡೆಯುತ್ತದೆ. ಕಳೆದ ವಾರ ಮೆಟ್ಟಿಲಿನಲ್ಲಿ ಹೊತ್ತು ಪಳಗಿದ ತೂಕವನ್ನು ಮಾತ್ರ ಈ ಭಾನುವಾರ ಹೊರಬೇಕು. ಹೊಸ ತೂಕದ ಪರೀಕ್ಷೆ ಗುರುವಾರ, ಅರ್ಧ ಗಂಟೆಯಲ್ಲಿ. ಹೊಸ ಹೊತ್ತಿನ ಪರೀಕ್ಷೆ ಭಾನುವಾರ, ಹಳೆಯ ತೂಕದಲ್ಲಿ. ಎರಡನ್ನೂ ಒಂದೇ ದಿನ ಹೊಸದಾಗಿ ಹೇರಿದವರೇ ಹೆಚ್ಚಾಗಿ ಮಂಡಿ ಹಿಡಿದುಕೊಂಡು ಬರುವುದು.

ಹಾಗಾಗಿ ಮೊದಲ ಮೂರು ಭಾನುವಾರ ಬ್ಯಾಗಿಲ್ಲ. ಒಂದೂವರೆ ಗಂಟೆ, ಎರಡು, ಎರಡೂವರೆ. ನಾಲ್ಕನೇ ವಾರ 4 ಕೆಜಿ, ಹೊತ್ತು ಮಾತ್ರ ಒಂದೂವರೆ ಗಂಟೆಗೆ ಇಳಿಯಿತು. ಐದನೇ ವಾರ 4 ಕೆಜಿ, ಮೂರು ಗಂಟೆ. ಆರನೇ ವಾರ 6 ಕೆಜಿ, ನಾಲ್ಕು ಗಂಟೆ. ಇದೇ ನಿಮ್ಮ ದೊಡ್ಡ ದಿನ. ಏಳನೇ ವಾರ 8 ಕೆಜಿ, ಎರಡೇ ಗಂಟೆ. ಟ್ರೆಕ್‌ಗೆ ಆರು ದಿನ ಉಳಿದಿರುವಾಗ ಇದಕ್ಕಿಂತ ಜಾಸ್ತಿ ಬೇಡ.

ವೇಗ ಹೇಗಿರಬೇಕು? ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾ ನಡೆಯುವಷ್ಟು. ಮಾತು ತುಂಡಾದರೆ ನಿಧಾನಿಸಿ. ಸಾಧ್ಯವಾದಷ್ಟು ಡಾಂಬರು ಬಿಟ್ಟು ಮಣ್ಣಿನ ದಾರಿ, ಹುಲ್ಲು, ಏರುತಗ್ಗಿನ ಜಾಗದಲ್ಲಿ ನಡೆಯಿರಿ. ಮೆಟ್ಟಿಲು ತೊಡೆಗೆ ಪಾಠ ಹೇಳುತ್ತದೆ, ಆದರೆ ಎಲ್ಲ ಮೆಟ್ಟಿಲೂ ಒಂದೇ ಅಳತೆ. ಸಡಿಲ ಕಲ್ಲಿನ ಮೇಲೆ ಕಣಕಾಲು ಹೊರಳುವುದನ್ನು ಅದು ಕಲಿಸುವುದಿಲ್ಲ.

ಐದನೇ ಭಾನುವಾರದಿಂದ ಒಂದು ಬದಲಾವಣೆ. ನಡಿಗೆಯ ಕೊನೆಗೆ ಮೆಟ್ಟಿಲು. ಐದನೇ ವಾರ ಎರಡೂವರೆ ಗಂಟೆ ನಡೆದು ಬಂದು ಮನೆಯೊಳಗೆ ಹೋಗದೆ 10 ಸುತ್ತು. ಆರನೇ ವಾರ ಮೂರು ಗಂಟೆ ನಡೆದು 20 ಸುತ್ತು. ನಾನು ಮೊದಲೇ ಹೇಳಿದ 300 ಮೀಟರ್ ಇದೇ. ಬೆಟ್ಟದಲ್ಲಿ ಇಳಿಜಾರು ಬರುವುದು ತಾಜಾ ಕಾಲಿಗಲ್ಲ. ಹಿಂದಿನ ದಿನದ ಐದು ಗಂಟೆ ಹತ್ತಿದ ಕಾಲಿಗೆ. ಅದಕ್ಕೆ ಹತ್ತಿರದ ಅನುಭವ ಮನೆಯ ಹತ್ತಿರ ಸಿಗುವುದು ಹೀಗೆ ಮಾತ್ರ. ಆ 20ರಲ್ಲಿ 14ನೇ ಸುತ್ತಿನ ಹೊತ್ತಿಗೆ ಹೆಜ್ಜೆಯ ಸದ್ದು ಕೇಳಿಸಲು ಶುರುವಾದರೆ ಎರಡು ನಿಮಿಷ ನಿಲ್ಲಿ, ಮತ್ತೆ ಇಳಿಯಿರಿ. ಆಗಲೂ ಸದ್ದು ನಿಲ್ಲದಿದ್ದರೆ ಅಲ್ಲಿಗೇ ಸಾಕು. ಬ್ರೇಕ್ ಹೋದ ಮೇಲೆ ಮಾಡಿದ ಸುತ್ತು ಮಂಡಿಗೆ ಖರ್ಚು, ತೊಡೆಗೆ ಲಾಭವಿಲ್ಲ.

ಟ್ರೆಕ್‌ಗೆ ಹಾಕುವ ಶೂ, ಸಾಕ್ಸ್ ಎರಡನ್ನೂ ಮೂರನೇ ಭಾನುವಾರದಿಂದ ಹಾಕಿಕೊಳ್ಳಿ. ಇಳಿಯುವಾಗ ಹೆಬ್ಬೆರಳು ಶೂವಿನ ಮುಂದಕ್ಕೆ ಬಡಿಯುತ್ತಿದ್ದರೆ ಉಗುರು ಕಪ್ಪಾಗುವುದು ಖಂಡಿತ. ಕಣಕಾಲಿನ ಹತ್ತಿರ ಲೇಸ್ ಬಿಗಿ ಮಾಡಿ ನೋಡಿ, ಆದರೂ ಬಡಿದರೆ ಶೂ ಚಿಕ್ಕದು. ಪಾದದ ಯಾವುದಾದರೂ ಜಾಗ ಬಿಸಿಯಾಗಿ ಉರಿಯಲು ಶುರುವಾದ ಕೂಡಲೇ ನಿಂತು ಅಲ್ಲಿಗೆ ಟೇಪ್ ಅಂಟಿಸಿ. ಬೊಬ್ಬೆ ಎದ್ದ ಮೇಲೆ ಅಂಟಿಸುವುದು ತಡವಾಯಿತು.

ಯಾವ ನೋವು, ಎಂಥ ನೋವು

ಮೊದಲ ಎರಡು ವಾರ ಎರಡೂ ತೊಡೆಯ ಮುಂಭಾಗ ಹಿಡಿದುಕೊಳ್ಳುತ್ತದೆ. ಒತ್ತಿದರೆ ನೋಯುತ್ತದೆ, ಸ್ವಲ್ಪ ಓಡಾಡಿದರೆ ಸಡಿಲವಾಗುತ್ತದೆ. ಅದು ನಮಗೆ ಬೇಕಾದದ್ದೇ. ಮೂರನೇ ವಾರಕ್ಕೆ ಅದೇ ಕೆಲಸಕ್ಕೆ ನೋವು ಅರ್ಧವಾದರೂ ಇಳಿದಿರಬೇಕು. ಇಳಿದಿದ್ದರೆ ಯೋಜನೆ ಕೆಲಸ ಮಾಡುತ್ತಿದೆ.

ಬೇರೆ ತರಹದ್ದು ಒಂದೇ ಮಂಡಿಯಲ್ಲಿ, ಬೆರಳಿಟ್ಟು ತೋರಿಸುವಂಥ ಜಾಗದಲ್ಲಿ ಬರುವ ನೋವು. ಚಿಪ್ಪಿನ ಸುತ್ತ ಇದ್ದು, ತುಂಬಾ ಹೊತ್ತು ಕೂತು ಎದ್ದಾಗ ಜಾಸ್ತಿಯಾದರೆ ಚಿಪ್ಪಿನ ಹಿಂದಿನ ಕೀಲಿಗೆ ಹೊರೆ ಹೆಚ್ಚಾಗಿದೆ. ಮಂಡಿಯ ಹೊರಬದಿಯಲ್ಲಿ, ಇಳಿಯಲು ಶುರು ಮಾಡಿ ಸ್ವಲ್ಪ ಹೊತ್ತಾದ ಮೇಲೆ ಚುಚ್ಚಿದಂತಾದರೆ ಸೊಂಟದಿಂದ ಮಂಡಿಯವರೆಗೆ ಇಳಿಯುವ ಪಟ್ಟಿಯಂಥ ಅಂಗಾಂಶದ ತಕರಾರು ಇರಬಹುದು. ಎರಡಕ್ಕೂ ನಾನು ಇಟ್ಟುಕೊಂಡಿರುವ ಅಳತೆ ಇದು. ಹತ್ತಕ್ಕೆ ಮೂರರಷ್ಟು ನೋವು, ಮರುದಿನ ಬೆಳಿಗ್ಗೆಗೆ ಮಾಯವಾದರೆ ಮುಂದುವರಿಸಿ. ಅದಕ್ಕಿಂತ ಜಾಸ್ತಿ, ಅಥವಾ ಬೆಳಿಗ್ಗೆಯೂ ಉಳಿದಿದ್ದರೆ, ಮೊದಲು ಮೆಟ್ಟಿಲಿನ ಎತ್ತರ ಇಳಿಸಿ, ಆಮೇಲೆ ಬ್ಯಾಗಿನ ತೂಕ, ಕೊನೆಗೆ ಸುತ್ತು. ನಡಿಗೆಯನ್ನು ಪೂರ್ತಿ ನಿಲ್ಲಿಸುವ ಅಗತ್ಯ ಬರುವುದು ಅಪರೂಪ. ಮಂಡಿ ಊದಿದರೆ, ಲಾಕ್ ಆದರೆ, ಇದ್ದಕ್ಕಿದ್ದಂತೆ ಕುಸಿದರೆ ವೈದ್ಯರಿಗೆ ತೋರಿಸಿ. ಮೆಟ್ಟಿಲು ಹತ್ತುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ವೈದ್ಯರನ್ನು ನೋಡಿ. ಬಿ.ಪಿ., ಶುಗರ್, ಹೃದಯದ ತೊಂದರೆ ಇರುವವರು ಮೊದಲ ಮಂಗಳವಾರಕ್ಕೆ ಮುಂಚೆಯೇ ಕೇಳಿಕೊಳ್ಳಬೇಕು.

ಒಂದು ಮಿತಿಯನ್ನೂ ಹೇಳಿಬಿಡುತ್ತೇನೆ. ನಿಮ್ಮ ಟ್ರೆಕ್‌ನ ಜಾಗ ಸಮುದ್ರಮಟ್ಟದಿಂದ 2,500 ಮೀಟರ್‌ಗಿಂತ ಎತ್ತರದಲ್ಲಿದ್ದರೆ, ಈ ತಯಾರಿ ನಿಮ್ಮನ್ನು ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ. ಕಾಲು ಗಟ್ಟಿಯಾದವರು ಬೇಗ ಬೇಗ ಹತ್ತಿ ಇನ್ನೂ ಬೇಗ ತಲೆನೋವು ತಂದುಕೊಳ್ಳುತ್ತಾರೆ. ಅದಕ್ಕೆ ಬೇಕಾದದ್ದು ನಿಧಾನ, ಬಲವಲ್ಲ.

ಎಂಟನೇ ವಾರ

ಈ ವಾರ ಜನ ಹಾಳುಮಾಡಿಕೊಳ್ಳುವುದೇ ಹೆಚ್ಚು. ಏನೋ ಕಡಿಮೆಯಾಯಿತು ಅನಿಸಿ ಬುಧವಾರ 30 ಸುತ್ತು ಹೊಡೆದು, ಶನಿವಾರ ನೋವಿನ ತೊಡೆ ಹೊತ್ತುಕೊಂಡು ಬರುತ್ತಾರೆ. ಈ ವಾರ ಮಾಡಿದ ಕೆಲಸದಿಂದ ಶನಿವಾರಕ್ಕೆ ಹೊಸ ಬಲ ಬರುವುದಿಲ್ಲ, ದಣಿವು ಮಾತ್ರ ಬರುತ್ತದೆ. ಮಂಗಳವಾರ ಸ್ಟೆಪ್ ಅಪ್, ಸ್ಟೆಪ್ ಡೌನ್ ಒಂದೊಂದು ಸೆಟ್, ಬ್ಯಾಗಿಲ್ಲದೆ. ಗುರುವಾರ ಖಾಲಿಯಾಗಿ 5 ಸುತ್ತು. ಶುಕ್ರವಾರ ಉಗುರು ಕತ್ತರಿಸಿ, ಬ್ಯಾಗು ತೂಗಿ ನೋಡಿ. 8 ಕೆಜಿ ಅಂದುಕೊಂಡದ್ದು 10 ಆಗಿದ್ದರೆ, ಆ ಎರಡು ಕೆಜಿಗೆ ನೀವು ತಯಾರಿ ಮಾಡಿಲ್ಲ. ತೆಗೆದುಹಾಕಿ.

ಶನಿವಾರ ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನವಾಗಿ ಹತ್ತಿ. ಭಾನುವಾರ ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ. ಒಂದು ದೊಡ್ಡ ಮೆಟ್ಟಿಲಿನ ಬದಲು ಪಕ್ಕದಲ್ಲಿ ಎರಡು ಚಿಕ್ಕ ಕಲ್ಲು ಕಂಡರೆ ಅದನ್ನೇ ಹಿಡಿಯಿರಿ. ಊರುಗೋಲು ಎರಡು ಇದ್ದರೆ ಒಳ್ಳೆಯದು, ಇಳಿಯುವಾಗ 5–10 ಸೆಂ.ಮೀ. ಉದ್ದ ಮಾಡಿಕೊಂಡು, ಕಾಲಿಗಿಂತ ಮೊದಲು ಕೋಲು ಊರಿ. ಮಂಡಿಯ ಮೇಲಿನ ಹೊರೆಯಲ್ಲಿ ಸ್ವಲ್ಪವನ್ನು ತೋಳು ಹಂಚಿಕೊಳ್ಳುತ್ತದೆ. ಬಳಸುವುದಾದರೆ ಆರು, ಏಳನೇ ಭಾನುವಾರ ಮಣ್ಣಿನ ದಾರಿಯಲ್ಲಿ ಒಮ್ಮೆ ಹಿಡಿದು ನಡೆದು ನೋಡಿರಿ. ಮೊದಲ ಸಲ ಹಿಡಿದವರು ಕೋಲಿಗೇ ಎಡವುತ್ತಾರೆ.

ನೀ ಕ್ಯಾಪ್ ವಿಷಯ. ಅದು ಮಂಡಿಯನ್ನು ಬೆಚ್ಚಗಿಡುತ್ತದೆ, ಕೆಲವರಿಗೆ ಹಾಕಿಕೊಂಡಾಗ ಒಂದು ಧೈರ್ಯ ಬರುತ್ತದೆ. ಹಾಕಿಕೊಂಡರೆ ತಪ್ಪಿಲ್ಲ. ಆದರೆ ನಿಮ್ಮಲ್ಲಿ ನಡುಗಿದ್ದು ತೊಡೆ. ಅಲ್ಲಿಗೆ ಕ್ಯಾಪ್ ಬರುವುದಿಲ್ಲ. ಹಾಗೂ ಬೇಕು ಅನಿಸಿದರೆ ಆರನೇ ಭಾನುವಾರದ ನಾಲ್ಕು ಗಂಟೆ ಹಾಕಿಕೊಂಡು ನೋಡಿ. ಮಂಡಿಯ ಹಿಂದೆ ಉಜ್ಜಿ ಕೆಂಪಾಗದಿದ್ದರೆ ಬ್ಯಾಗಿಗೆ ಹಾಕಿಕೊಳ್ಳಿ.